ಸವೆದಿದೆ ಎಂದ ನಳಿಗೆ ಮತ್ತೆ ಗುರಿ ಹಿಡಿದದ್ದು

ಎರಡು ವರ್ಷದ ಹಿಂದೆ ಕೊಡಗಿನ ಆಯುಧಪೂಜೆಯ ಹಬ್ಬ ಕೈಲ್ ಮುಹೂರ್ತದಂದು ನಡೆದ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆಯಲ್ಲಿ ನನ್ನ ಪಾಯಿಂಟ್ 22 ರೈಫಲ್ ಒಂದು ಕಾಯಿಗೂ ತಾಗಲಿಲ್ಲ. 50 ಮೀಟರಿನಲ್ಲಿ ಐದು ಗುಂಡುಗಳು ಅಂಗೈಯಗಲ ಚದುರುತ್ತಿದ್ದವು. ‘ನಳಿಗೆ ಸವೆದಿದೆ, ಮಾರಿಬಿಡಿ ಬಾವ’ ಎಂದ ನನ್ನ ಹೆಂಡತಿಯ ತಮ್ಮ. ಹೊಸದು ಕೊಂಡರೆ ಆ ವರ್ಷದ ಮೆಣಸಿನ ದುಡ್ಡೆಲ್ಲ ಅದಕ್ಕೇ ಹೋಗುತ್ತಿತ್ತು. ಆದರೆ ಅದರಲ್ಲಿ ಹೊಡೆದದ್ದೇ ಮೂರೋ ನಾಲ್ಕೋ ಸಾವಿರ ಗುಂಡು. ಮೆತ್ತನೆಯ ಸೀಸದ ಗುಂಡು ಅಷ್ಟರಲ್ಲೇ ಉಕ್ಕನ್ನು ತಿನ್ನುವುದಿಲ್ಲ.

ಮೊದಲು ತಪ್ಪು ದಾರಿ ಹಿಡಿದೆ. ನಳಿಗೆಯ ಬಾಯಿಯ ಕಡೆಯಿಂದ ಬಟ್ಟೆ ಸುತ್ತಿದ ಸಲಾಕೆ ತೂರಿಸಿ ವಾರವಿಡೀ ತಿಕ್ಕಿದೆ. ಬಟ್ಟೆ ಬೆಳ್ಳಗೆ ಬಂತು, ಗುರಿ ಬರಲಿಲ್ಲ. ಪಾಯಿಂಟ್ 22 ನಳಿಗೆಗಳು ಗುಂಡಿಗಿಂತ ಹೀಗೆ ತಿಕ್ಕುವುದರಿಂದಲೇ ಹೆಚ್ಚು ಕೆಡುತ್ತವೆ. ಬಾಯಿಯಂಚು ಕೆಟ್ಟಿದೆಯೇ ಎಂದು ನೋಡಲು ಕಿವಿಗೆ ಹಾಕುವ ಹತ್ತಿಕಡ್ಡಿಯನ್ನು ಒಳಗಿನಿಂದ ಹೊರಕ್ಕೆ ಎಳೆದೆ. ಎಳೆ ಎಲ್ಲೂ ಸಿಕ್ಕಿಕೊಳ್ಳಲಿಲ್ಲ. ಅದೃಷ್ಟ.

ಸುಳಿವು ಸಿಕ್ಕಿದ್ದು ನಳಿಗೆಯ ಹಿಂತುದಿಯಲ್ಲಿ ಕಾಡತೂಸು ಕೂರುವ ಚೇಂಬರಿನಲ್ಲಿ. ಕಾಡತೂಸು ಕೊನೆಯ ಕೂದಲೆಳೆಯಷ್ಟು ದೂರ ಬಿಗಿಯುತ್ತಿತ್ತು. ಟಾರ್ಚಿನ ಬೆಳಕಿನಲ್ಲಿ, ಕೇಸಿನ ಬಾಯಿ ಮುಗಿಯುವ ಜಾಗಕ್ಕೆ ಸರಿಯಾಗಿ, ಕಪ್ಪು ಉಂಗುರ ಕಂಡಿತು. ಇಂಗಾಲ, ಮೇಣ, ಸೀಸ ಬೆಂದು ಕಲ್ಲಾಗಿದ್ದವು. ಗುಂಡು ಅದನ್ನು ತಿರುಗಿಸುವ ಸುರುಳಿ ಗೀರುಗಳಾದ ರೈಫ್ಲಿಂಗಿಗೆ ಹೊಗುವ ಮುನ್ನವೇ ಗೀಚಿಹೋಗುತ್ತಿತ್ತು. ಬಟ್ಟೆ ಅದರ ಮೇಲೆ ಜಾರಿ ಹೋಗುತ್ತದೆ, ಅದಕ್ಕೇ ಬೆಳ್ಳಗೆ ಬರುತ್ತಿದ್ದದ್ದು.

ಬೋಲ್ಟ್ ತೆಗೆದು, ಹಿಂದಿನಿಂದ ಸಲಾಕೆಯನ್ನು ನೇರ ಹಿಡಿಯುವ ಗೈಡ್ ಕೂರಿಸಿ, ದ್ರಾವಕದಲ್ಲಿ ನೆನೆಸಿದ ಕಂಚಿನ ಬ್ರಷ್ಷನ್ನು ಆ ಜಾಗದಲ್ಲಿ ಮಾತ್ರ ತಿರುಗಿಸಿದೆ. ಕಾಲು ಗಂಟೆ ನೆನೆಯಬೇಕು, ಮತ್ತೆ ತಿರುಗಿಸಬೇಕು. ನಾಲ್ಕು ಸಂಜೆ ಹಿಡಿಯಿತು. ಖರ್ಚು ಎಲ್ಲ ಸೇರಿ ಎರಡು ಸಾವಿರದೊಳಗೆ. ದ್ರಾವಕಕ್ಕೆ ನಾನು ಏನು ಬೆರೆಸಿದೆ ಎಂಬುದು ನನ್ನ ಹತ್ತಿರವೇ ಇರಲಿ.

ನಡುವೆ ಕೋವಿ ಎಣ್ಣೆ ಉಳಿಸಲು ಕೊಬ್ಬರಿ ಎಣ್ಣೆಯನ್ನೂ ಹಾಕಿ ನೋಡಿದ್ದೆ. ಡಿಸೆಂಬರಿನ ಬೆಳಿಗ್ಗೆ ನಳಿಗೆಯೊಳಗೆ ತುಪ್ಪದಂತೆ ಗಟ್ಟಿಯಾಗಿತ್ತು! ಈಗ ಮಳೆಗಾಲದಲ್ಲಿ ವಾರಕ್ಕೊಮ್ಮೆ ಕೋವಿ ಎಣ್ಣೆ ತೆಳ್ಳಗೆ ಹಚ್ಚುತ್ತೇನೆ, ಹೊಡೆಯುವ ಮುನ್ನ ಪೂರ್ತಿ ಒರೆಸುತ್ತೇನೆ. ತೊಳೆದ ನಳಿಗೆಯ ಮೊದಲ ಏಳೆಂಟು ಗುಂಡುಗಳನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ, ಗುಂಡಿಗೆ ಸವರಿರುವ ಮೇಣ ನಳಿಗೆಯೊಳಗೆ ಮತ್ತೆ ಹರಡಿಕೊಳ್ಳಬೇಕು. ಅದಾದ ಮೇಲೆ ಐದು ಗುಂಡುಗಳು ಹತ್ತು ರೂಪಾಯಿ ನಾಣ್ಯದಡಿ ಮುಚ್ಚಿದವು. ಆ ಕಾಗದ ಇನ್ನೂ ಗೋಡೆಯ ಮೇಲಿದೆ.

ನಿಜವಾಗಿ ಸವೆದದ್ದು ಹೇಗಿರುತ್ತದೆ ಎಂದು ಅಪ್ಪನ .315 ರೈಫಲ್ ತೋರಿಸಿತು. ಚೇಂಬರಿನ ಮುಂದೆ ರೈಫ್ಲಿಂಗಿನ ಏಣುಗಳು ಕರಗಿ ಮಂಕಾಗಿವೆ, ಬಾಯಿಯ ಒಂದು ಬದಿಯನ್ನು ಒರೆಸುವ ಹಗ್ಗ ಉಜ್ಜಿ ಉಜ್ಜಿ ತಗ್ಗು ಮಾಡಿದೆ. ಅದೇ ಉಪಚಾರ ಮಾಡಿದರೂ ಕಾಗದದಲ್ಲಿ ದುಂಡನೆಯ ತೂತು ಬೀಳಲಿಲ್ಲ. ಬೀಗದ ಕಿಂಡಿಯಂತೆ ಉದ್ದನೆಯ ತೂತು, ಗುಂಡು ಅಡ್ಡಡ್ಡ ಹೊರಳಿ ಹೋದ ಗುರುತು. ಅದನ್ನು ಈಗ ಕೈಲ್ ಮುಹೂರ್ತದ ದಿನ ಪೂಜೆಗೆ ಮಾತ್ರ ಇಳಿಸುತ್ತೇನೆ.