ಅಣಬೆಗೆ ಬುಡ ನೋಡಿ, ಸೊಪ್ಪಿಗೆ ಕಾಯಿ ನೋಡಿ

ಮಳೆ ಹಿಡಿದು ಗುಡುಗು ಬಂದ ಮಾರನೆಯ ಬೆಳಿಗ್ಗೆ ಹುತ್ತದ ಸುತ್ತಮುತ್ತ ಅಣಬೆ ಎದ್ದಿತೆಂದರೆ ಮನೆಮಂದಿಯೆಲ್ಲ ಬುಟ್ಟಿ ಹಿಡಿದು ಹೊರಡುತ್ತಾರೆ. ಕೀಳುವ ರೀತಿ ಮಾತ್ರ ಹೆಚ್ಚಿನವರದು ಒಂದೇ. ಮಣ್ಣಿನ ಮಟ್ಟಕ್ಕೆ ಚಿವುಟುತ್ತಾರೆ, ಇಲ್ಲವೇ ಕತ್ತಿಯಿಂದ ಕೊಯ್ಯುತ್ತಾರೆ. ಸಾರಿನಲ್ಲಿ ಮಣ್ಣು ಕಚ್ಚಬಾರದು, ತೊಳೆಯುವ ಕೆಲಸ ಕಡಿಮೆಯಾಗಬೇಕು ಎಂಬುದು ಲೆಕ್ಕ. ಆದರೆ ತಿನ್ನುವ ಅಣಬೆಯನ್ನೂ ಕೊಲ್ಲುವ ಅಣಬೆಯನ್ನೂ ಬೇರೆ ಮಾಡಿ ತೋರಿಸುವ ದೊಡ್ಡ ಗುರುತು ಮಣ್ಣಿನೊಳಗೇ ಇರುತ್ತದೆ. ಅದನ್ನು ಗದ್ದೆಬದಿಯಲ್ಲೇ ಬಿಟ್ಟು ಬಂದ ಮೇಲೆ ಬುಟ್ಟಿಯಲ್ಲಿರುವುದು ಬರೀ ಬಿಳಿ ಕೊಡೆ. ಬಿಳಿ ಕೊಡೆಗಳು ಎಲ್ಲವೂ ಒಂದೇ ಥರ ಕಾಣುತ್ತವೆ.

ಹುತ್ತದ ಅಣಬೆಯನ್ನೇ ತೆಗೆದುಕೊಳ್ಳಿ. ಇದನ್ನು ಬೆಳೆಸುವುದು ನೆಲದೊಳಗಿನ ಗೆದ್ದಲು. ಗೆದ್ದಲಿನ ಗೂಡಿನಲ್ಲಿ ಸ್ಪಂಜಿನಂಥ ಹಲ್ಲೆ ಇರುತ್ತದೆ, ಅಣಬೆ ಹುಟ್ಟುವುದು ಅಲ್ಲಿಂದ. ಹಾಗಾಗಿ ಇದರ ದಂಟು ಮಣ್ಣಿನ ಮಟ್ಟಕ್ಕೆ ಮುಗಿಯುವುದಿಲ್ಲ. ಒಳಗೆ ಇಳಿಯುತ್ತಾ ಸಣ್ಣದಾಗುತ್ತಾ ಮೂಲಂಗಿಯ ಬಾಲದ ಹಾಗೆ ಗೇಣುದ್ದಕ್ಕೂ ಹೋಗುತ್ತದೆ, ಕೆಲವು ಸಲ ಇನ್ನೂ ಆಳಕ್ಕೆ. ಮೇಲೆ ಕೊಡೆಯ ನೆತ್ತಿಯಲ್ಲಿ ಬುಗುರಿಯ ಮೊಳೆಯಂಥ ಗಟ್ಟಿ ಮೊನೆ ಇರುತ್ತದೆ. ಕೊಡೆ ಪೂರ್ತಿ ಬಿಚ್ಚಿ ಅಂಚು ಸೀಳಿದ ಮೇಲೂ ಆ ಮೊನೆ ಉಳಿಯುತ್ತದೆ. ದಂಟಿನಲ್ಲಿ ಸಾಮಾನ್ಯವಾಗಿ ಬಳೆ ಇರುವುದಿಲ್ಲ, ಬುಡದಲ್ಲಿ ಚೀಲ ಇರುವುದೇ ಇಲ್ಲ.

ಅಮಾನಿಟಾ ಎಂಬ ಜಾತಿಯ ಅಣಬೆಗಳೂ ನಮ್ಮ ಘಟ್ಟದ ಕಾಡುಗಳಲ್ಲಿ ಏಳುತ್ತವೆ. ಅವುಗಳಲ್ಲಿ ಕೆಲವು ಪ್ರಾಣ ತೆಗೆಯುವಂಥವು. ಇವು ಮೊದಲು ಮೊಟ್ಟೆಯ ಹಾಗೆ ಮಣ್ಣಿನಿಂದ ಇಣುಕಿ, ಆ ಮೊಟ್ಟೆಯ ಸಿಪ್ಪೆ ಹರಿದುಕೊಂಡು ಮೇಲೆ ಬರುತ್ತವೆ. ಹರಿದ ಸಿಪ್ಪೆ ಬುಡದಲ್ಲಿ ಬಟ್ಟಲಿನ ಹಾಗೆ ಉಳಿಯುತ್ತದೆ, ಅದೂ ಮಣ್ಣಿನೊಳಗೆ. ದಂಟಿನ ಮೇಲ್ಭಾಗದಲ್ಲಿ ಲಂಗದಂತೆ ಇಳಿಬಿದ್ದ ಪೊರೆ, ಕೊಡೆಯ ಕೆಳಗೆ ಬಿಳಿ ಪದರಗಳು. ಕೊಡೆಯ ಮೇಲೆ ಅಂಟಿಕೊಂಡ ಚೂರುಗಳಿದ್ದರೆ ಜೋರು ಮಳೆಗೆ ತೊಳೆದುಹೋಗಿರುತ್ತವೆ, ಲಂಗವೂ ಉದುರಿರಬಹುದು. ಬುಡದ ಬಟ್ಟಲು ಮಾತ್ರ ಮಳೆಗೆ ಹೋಗುವುದಿಲ್ಲ, ನಮ್ಮ ಕತ್ತಿಗೆ ಹೋಗುತ್ತದೆ.

ಅದಕ್ಕೇ ಮೊದಲ ನಿಯಮ: ಒಂದು ಗುಂಪಿನಲ್ಲಿ ಒಂದು ಅಣಬೆಯನ್ನಾದರೂ ಪೂರ್ತಿ ಅಗೆದು ತೆಗೆಯಿರಿ. ದಂಟಿನಿಂದ ನಾಲ್ಕು ಬೆರಳು ದೂರದಲ್ಲಿ ಚೂಪು ಕೋಲು ಇಳಿಸಿ ಮಣ್ಣನ್ನು ಸಡಿಲ ಮಾಡಿ, ಬೆರಳಿನಿಂದ ಬಿಡಿಸುತ್ತಾ ಹೋಗಿ. ಬಾಲ ಕೆಳಗೆ ಕೆಳಗೆ ಇಳಿಯುತ್ತಿದ್ದರೆ ಹುತ್ತದ್ದು. ಎರಡು ಅಂಗುಲಕ್ಕೇ ಉಬ್ಬಿದ ಬುಡ ಸಿಕ್ಕಿ, ಅದರ ಸುತ್ತ ಪೊರೆಯ ಚೂರು ಕಂಡರೆ ಇಡೀ ಗುಂಪನ್ನೇ ಬಿಟ್ಟು ಬನ್ನಿ. ಗೂಡಿನ ಹಲ್ಲೆಯವರೆಗೆ ಅಗೆಯಬೇಡಿ, ಹಲ್ಲೆ ಕೆಟ್ಟರೆ ಮುಂದಿನ ವರ್ಷ ಅಲ್ಲಿ ಏಳುವುದಿಲ್ಲ. ಈ ಪರೀಕ್ಷೆ ನಡೆಯದ ಒಂದು ಜಾಗವಿದೆ. ಹುತ್ತದ ಬಳಿ ನುಚ್ಚು ಚೆಲ್ಲಿದ ಹಾಗೆ ನೂರಾರು ಏಳುವ ಪುಟ್ಟ ಅಣಬೆಗಳಿಗೆ ಉದ್ದ ಬಾಲ ಇರುವುದಿಲ್ಲ. ಅವನ್ನು ಅದೇ ಜಾಗದಲ್ಲಿ ವರ್ಷ ವರ್ಷ ಕಿತ್ತು ತಿಂದವರು ಜೊತೆಗಿದ್ದರೆ ಮಾತ್ರ ಮುಟ್ಟಿ.

ಕರಾವಳಿಯ ಕಲ್ಲಣಬೆಗೂ ಇಂಥದೇ ಎಚ್ಚರ ಬೇಕು. ಅದು ಗೋಲಿಯ ಹಾಗೆ ಉರುಟಾಗಿರುತ್ತದೆ, ಅಮಾನಿಟಾದ ಎಳೆಮೊಟ್ಟೆಯೂ ಉರುಟೇ. ಒಂದೊಂದನ್ನೂ ನೆತ್ತಿಯಿಂದ ಬುಡಕ್ಕೆ ಸೀಳಿ ನೋಡಬೇಕು. ಕಲ್ಲಣಬೆ ಒಳಗೆ ಒಂದೇ ಸಮ ಬಿಳಿ. ಮೊಟ್ಟೆಯಾದರೆ ಒಳಗೆ ಪುಟ್ಟ ಕೊಡೆ, ದಂಟಿನ ಚಿತ್ರ ಬರೆದ ಹಾಗೆ ಕಾಣುತ್ತದೆ. ಒಳಗೆ ಕಪ್ಪು, ನೇರಳೆ ಬಣ್ಣ ತಿರುಗಿದ್ದರೆ ಅದನ್ನೂ ಬಿಡಿ. ಒಂದು ಸೇರಿಗೆ ಎಷ್ಟು ಸೀಳುವುದು ಎಂದು ಬೇಸರಪಡಬೇಡಿ, ಹೇಗೂ ಪಲ್ಯಕ್ಕೆ ಹೆಚ್ಚಲೇಬೇಕಲ್ಲ.

ಹುತ್ತದ ಅಣಬೆಯ ಹೆಸರಿನಲ್ಲಿ ಮನೆಗೆ ಬರುವ ಇನ್ನೊಂದಿದೆ. ತೆಂಗಿನ ಬುಡದ ಪಾತಿ, ದನ ಕಟ್ಟುವ ಬಯಲು, ಹುಲ್ಲುಹಾಸು ಇಂಥಲ್ಲಿ ಊಟದ ತಟ್ಟೆಯಷ್ಟು ಅಗಲಕ್ಕೆ ಬಿಚ್ಚುತ್ತದೆ. ಬಿಳಿ ಕೊಡೆ, ನಡುವೆ ಕಂದು ಹೊಪ್ಪಳೆ, ದಂಟಿನ ಮೇಲೆ ಬಳೆಯ ಹಾಗೆ ಮೇಲೆ ಕೆಳಗೆ ಸರಿದಾಡುವ ಉಂಗುರ. ಎಳೆಯದಿದ್ದಾಗ ಕೆಳಗಿನ ಪದರಗಳು ಹಾಲಿನಂತೆ ಬಿಳಿ, ಬಲಿತ ಮೇಲೆ ಬೂದಿಹಸಿರು. ಎಳೆಯದೇ ರುಚಿ ಎಂದು ಎಳೆಯದನ್ನು ಆರಿಸುವುದರಿಂದ ಮೋಸ ಹೋಗುತ್ತೇವೆ. ಇದು ತಿಂದ ಒಂದರಿಂದ ಮೂರು ಗಂಟೆಯೊಳಗೆ ವಾಂತಿ ಭೇದಿ ಹಚ್ಚಿ ಮನೆಮಂದಿಯನ್ನೆಲ್ಲ ಮಲಗಿಸುತ್ತದೆ. ಇದನ್ನು ಹಿಡಿಯಲು ಒಂದು ಉಪಾಯವಿದೆ. ಬಿಚ್ಚಿದ ಒಂದು ಕೊಡೆಯ ದಂಟು ಕತ್ತರಿಸಿ, ಪದರ ಕೆಳಗಾಗಿ ಬಿಳಿ ಕಾಗದದ ಮೇಲಿಟ್ಟು, ಮೇಲೊಂದು ಬಟ್ಟಲು ಮುಚ್ಚಿ. ಐದಾರು ಗಂಟೆ, ಇಲ್ಲವೇ ರಾತ್ರಿಯಿಡೀ ಬಿಡಿ. ಕೊಡೆಯಿಂದ ಉದುರಿದ ಪುಡಿ ಕಾಗದದ ಮೇಲೆ ರಂಗೋಲಿಯಂತೆ ಕೂರುತ್ತದೆ. ಹಸಿರು ಬಿದ್ದರೆ ಎಲ್ಲವನ್ನೂ ಗುಂಡಿಗೆ ಹಾಕಿ. ಹುತ್ತದ ಅಣಬೆಯ ಪುಡಿ ನಸುಗೆಂಪು ಬೆರೆತ ಕೆನೆಬಣ್ಣ. ಹಸಿರಲ್ಲ ಎಂದ ಮಾತ್ರಕ್ಕೆ ತಿನ್ನಬಹುದು ಎಂದಲ್ಲ. ಅಮಾನಿಟಾದ ಪುಡಿ ಬಿಳಿ, ಅದು ಹಸಿರಿಗಿಂತ ಕೆಟ್ಟದ್ದು.

ಬೆಳ್ಳಿ ಕಾಸು ಹಾಕಿ ಕುದಿಸಿದರೆ ಕಪ್ಪಾಗುತ್ತದೆ, ಬೆಳ್ಳುಳ್ಳಿ ಬಣ್ಣ ತಿರುಗುತ್ತದೆ, ಹುಳು ತಿಂದ ಅಣಬೆಯನ್ನು ಮನುಷ್ಯರೂ ತಿನ್ನಬಹುದು ಎಂಬ ಮಾತುಗಳನ್ನೆಲ್ಲ ಪಕ್ಕಕ್ಕಿಡಿ. ಬೆಳ್ಳಿಗೂ ಅಣಬೆಯ ವಿಷಕ್ಕೂ ಸಂಬಂಧವೇ ಇಲ್ಲ. ನಮ್ಮನ್ನು ಕೊಲ್ಲುವ ಅಣಬೆಯನ್ನು ಬಸವನಹುಳು ಸುಖವಾಗಿ ತಿಂದುಕೊಂಡಿರುತ್ತದೆ. ಅಮಾನಿಟಾದ ವಿಷ ಕುದಿಸಿದರೂ ಹುರಿದರೂ ಒಣಗಿಸಿದರೂ ಹೋಗುವುದಿಲ್ಲ, ಹುಣಸೆಹುಳಿಗೂ ಬಗ್ಗುವುದಿಲ್ಲ. ರುಚಿಯೂ ಕೆಟ್ಟಿರುವುದಿಲ್ಲ, ಅದೇ ದೊಡ್ಡ ಕಷ್ಟ.

ಇನ್ನು ಸೊಪ್ಪಿನ ಮಾತು. ಆಟಿಯಲ್ಲಿ ತುಳುನಾಡಿನವರು ತಜಂಕ್ ಎನ್ನುವ ತಗಚೆಯ ಚಿಗುರನ್ನು ವಡೆಗೆ, ಪಲ್ಯಕ್ಕೆ ಚಿವುಟುತ್ತಾರೆ. ಪಕ್ಕದಲ್ಲೇ ಅದರ ದಾಯಾದಿ, ಕೆಲವು ಕಡೆ ದೊಡ್ಡ ತಗಚೆ ಎನ್ನುವ ಗಿಡವೂ ಹುಟ್ಟಿರುತ್ತದೆ. ಚಿವುಟುವ ಹೊತ್ತಿಗೆ ಎರಡರಲ್ಲೂ ಹೂವಿಲ್ಲ, ಕಾಯಿಲ್ಲ. ಅಣಬೆಯಲ್ಲಿ ಗುರುತು ಮಣ್ಣಿನಲ್ಲಿ ಉಳಿಯಿತು, ಇಲ್ಲಿ ಗುರುತು ಇನ್ನೂ ಹುಟ್ಟಿಯೇ ಇಲ್ಲ. ಹಾಗಾಗಿ ಎಲೆಯನ್ನೇ ಎಣಿಸಬೇಕು. ತಗಚೆಯ ಒಂದು ಕಡ್ಡಿಯಲ್ಲಿ ಸಾಮಾನ್ಯವಾಗಿ ಮೂರೇ ಜೋಡಿ ಎಲೆ, ತುದಿ ಮೊಂಡಾಗಿ ದುಂಡು. ದೊಡ್ಡ ತಗಚೆಯಲ್ಲಿ ನಾಲ್ಕರಿಂದ ಆರು ಜೋಡಿ, ತುದಿ ಚೂಪು. ಕಡ್ಡಿ ಕಾಂಡಕ್ಕೆ ಸೇರುವ ಬುಡದಲ್ಲಿ ಸಾಸಿವೆಯಂಥ ಒಂದು ಗಂಟೂ ಇರುತ್ತದೆ. ತಗಚೆಯಲ್ಲಿ ಆ ಗಂಟು ಎಲೆಜೋಡಿಗಳ ನಡುವೆ. ನವರಾತ್ರಿಯ ಹೊತ್ತಿಗೆ ಕಾಯಿ ಬಂದಾಗ ಅದೇ ಜಾಗಕ್ಕೆ ಮತ್ತೆ ಹೋಗಿ ನೋಡಿ: ತಗಚೆಯದು ದಾರದಂತೆ ಸಪೂರ, ಉದ್ದ, ಬಾಗಿದ್ದು, ದೊಡ್ಡದರದು ಚಪ್ಪಟೆ, ಅಂಚಿನಲ್ಲಿ ತಿಳಿ ಬಣ್ಣದ ಗೆರೆ. ಮುಂದಿನ ವರ್ಷ ಎಲ್ಲಿ ಚಿವುಟಬೇಕೆಂದು ಆಗಲೇ ತೀರ್ಮಾನವಾಗುತ್ತದೆ.

ದೊಡ್ಡ ತಗಚೆಯಲ್ಲಿ ಹೆಚ್ಚಿನ ಅಪಾಯ ಕಾಯಿ ಮತ್ತು ಬೀಜದ್ದು, ಅದೂ ಮಕ್ಕಳಿಗೆ. ಒಡಿಶಾದ ಮಲ್ಕನಗಿರಿ ಜಿಲ್ಲೆಯಲ್ಲಿ 2016ರಲ್ಲಿ ಸಾಲುಸಾಲಾಗಿ ಮಕ್ಕಳು ಸತ್ತಾಗ ಮೊದಲು ಎಲ್ಲರೂ ಮಿದುಳು ಜ್ವರವೆಂದೇ ಅಂದುಕೊಂಡರು. ಆಮೇಲೆ ತಜ್ಞರು ಬೊಟ್ಟುಮಾಡಿದ್ದು ಈ ಗಿಡದ ಬೀಜದ ಕಡೆಗೆ. ಯಕೃತ್ತು, ಸ್ನಾಯು, ಮಿದುಳು ಮೂರಕ್ಕೂ ಒಟ್ಟಿಗೆ ಹೊಡೆತ ಬೀಳುವುದರಿಂದ ನೋಡಿದವರಿಗೆ ಜ್ವರದ ಬೇನೆಯಂತೆಯೇ ಕಾಣುತ್ತದೆ. ಮನೆಯಂಗಳದಲ್ಲಿ, ಅಂಗನವಾಡಿ ದಾರಿಯಲ್ಲಿ ಈ ಗಿಡವಿದ್ದರೆ ಕಾಯಿ ಕಟ್ಟುವ ಮೊದಲೇ ಕಿತ್ತುಹಾಕಿ.

ಗಣಿಕೆ ಸೊಪ್ಪಿನ ಜೊತೆ ಉಮ್ಮತ್ತಿಯ ಸಸಿ ಬೆರೆಯುವುದೂ ಉಂಟು. ಎಲೆಯನ್ನು ಹೊಸಕಿ ಮೂಸಿದಾಗ ಹೊಟ್ಟೆ ತೊಳಸುವ ನಾತ ಬಂದರೆ ಬಿಸಾಡಿ. ಗಣಿಕೆಯಲ್ಲಿ ಪುಟ್ಟ ಬಿಳಿ ಹೂವು, ಕಾಯಿ ಗೊಂಚಲಾಗಿ ಬಂದ ಮೇಲೆ ಅದೇ ಗಿಡದ ಚಿಗುರು ಕಿತ್ತರೆ ಅನುಮಾನವೇ ಉಳಿಯುವುದಿಲ್ಲ. ಅದರ ಹಸಿರು ಕಾಯನ್ನು ಮಾತ್ರ ಅಡುಗೆಗೆ ಹಾಕಬೇಡಿ. ಉಮ್ಮತ್ತಿ ಹೊಟ್ಟೆಗೆ ಹೋದರೆ ಗಂಟೆಯೊಳಗೆ ಬಾಯಿ ಒಣಗಿ, ಕಣ್ಣಿನ ಪಾಪೆ ಅಗಲವಾಗಿ, ಮಾತು ಹಳಿ ತಪ್ಪುತ್ತದೆ.

ಅಡುಗೆಮನೆಯೊಳಗೆ ಬಂದ ಮೇಲೆ ಪಾಲಿಸಬೇಕಾದದ್ದು ಸ್ವಲ್ಪವೇ. ಒಂದು ಹೊತ್ತಿಗೆ ಒಂದೇ ಬಗೆಯ ಅಣಬೆ, ಎರಡು ಬಗೆ ಒಂದೇ ಪಾತ್ರೆಗೆ ಬೇಡ. ಮೈಲುತುತ್ತ ಹೊಡೆದ ಅಡಿಕೆ ತೋಟದ್ದು, ಕಳೆನಾಶಕ ಬಿದ್ದ ಕಾಫಿ ತೋಟದ್ದು ಎಷ್ಟು ಒಳ್ಳೆಯ ಜಾತಿಯಾದರೂ ಬೇಡ. ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿದ ಅಣಬೆ ಸಂಜೆಗೆ ಬೆವರಿ ಲೋಳೆಯಾಗುತ್ತದೆ. ಅದನ್ನು ತಿಂದು ವಾಂತಿಯಾದರೆ ಅಣಬೆಯ ಜಾತಿಯದೇ ತಪ್ಪು ಎನ್ನುವ ಹಾಗಿಲ್ಲ. ಬುಟ್ಟಿಯಲ್ಲಿ ಬಾಳೆಲೆ ಹಾಸಿ ತನ್ನಿ, ತಂದ ದಿನವೇ ಬೇಯಿಸಿ. ಮತ್ತೆ ಇದನ್ನು ಯಾವತ್ತೂ ಮರೆಯಬೇಡಿ: ಬೇಯಿಸುವ ಮೊದಲು ಬುಡಸಮೇತ ಒಂದು ಹಸಿ ಅಣಬೆಯನ್ನು ಕಾಗದದಲ್ಲಿ ಸುತ್ತಿ ಎತ್ತಿಡಿ, ಎರಡು ದಿನ ಎಸೆಯಬೇಡಿ. ಫ್ರಿಜ್ಜಿದ್ದರೆ ಕಾಗದದ ಮೇಲೆ ಹೆಸರು ಬರೆದು ಅದರಲ್ಲಿಡಿ, ಇಲ್ಲವಾದರೆ ಯಾರಾದರೂ ಮಾರನೆ ದಿನ ಒಗ್ಗರಣೆಗೆ ಹಾಕಿಬಿಡುತ್ತಾರೆ.

ಎತ್ತಿಟ್ಟದ್ದು ಯಾಕೆ ಬೇಕೆಂದರೆ, ವಿಷವೇರಿದಾಗ ಗಡಿಯಾರವೂ ಆ ಒಂದು ಅಣಬೆಯೂ ಸೇರಿಯೇ ವೈದ್ಯರಿಗೆ ದಾರಿ ತೋರಿಸುವುದು. ರಾತ್ರಿ ಎಂಟಕ್ಕೆ ಉಂಡು ಹತ್ತಕ್ಕೆ ವಾಂತಿ ಶುರುವಾದರೆ ಹೆಚ್ಚಾಗಿ ಹೊಟ್ಟೆಗೆ ತಾಗುವ ವಿಷ, ನೀರಿನಂಶ ಇಳಿಯದಂತೆ ನೋಡಿಕೊಂಡರೆ ಸಾಮಾನ್ಯವಾಗಿ ಇಳಿಯುತ್ತದೆ. ಎಂಟಕ್ಕೆ ಉಂಡವರು ರಾತ್ರಿ ಚೆನ್ನಾಗಿ ಮಲಗಿ, ಬೆಳಗಿನ ಜಾವ ನಾಲ್ಕಕ್ಕೆ ಹೊಟ್ಟೆ ಹಿಡಿದುಕೊಂಡು ಎದ್ದರೆ ಅದು ಕೆಟ್ಟ ಗುರುತು. ಆರು ಗಂಟೆ ದಾಟಿದ ಮೇಲೆ ಶುರುವಾಗುವುದು ಅಮಾನಿಟಾದಂಥ ವಿಷದ ರೀತಿ. ಮಾರನೆ ದಿನ ವಾಂತಿ ನಿಂತು ರೋಗಿ ಎದ್ದು ಕೂತು ಗಂಜಿ ಕೇಳುತ್ತಾನೆ, ಮನೆಯವರು ಗುಣವಾಯಿತೆಂದು ಕರೆದುಕೊಂಡು ಬರುತ್ತಾರೆ. ಅಷ್ಟರಲ್ಲಿ ಒಳಗೆ ಯಕೃತ್ತು ಹಾಳಾಗುತ್ತಿರುತ್ತದೆ. ಮೂರನೆಯ ದಿನದ ಸುಮಾರಿಗೆ ಕಣ್ಣು ಹಳದಿಯಾದಾಗ ತಡವಾಗಿರುತ್ತದೆ. 2022ರ ಏಪ್ರಿಲ್‌ನಲ್ಲಿ ಅಸ್ಸಾಮಿನ ಪೂರ್ವ ಭಾಗದಲ್ಲಿ ಕಾಡಣಬೆ ತಿಂದು ಕೆಲವೇ ದಿನಗಳಲ್ಲಿ 13 ಜನ ಸತ್ತರು, ಹೆಚ್ಚಿನವರು ಚಹಾ ತೋಟದ ಕೂಲಿಯವರು. ಬಗೆ ಬಗೆಯ ಅಣಬೆ ಬೆರೆಸಿ ತಿಂದಿದ್ದರೆ ಬೇಗ ವಾಂತಿಯಾಯಿತೆಂದು ನಿರಾಳವಾಗುವಂತಿಲ್ಲ. ಮೊದಲನೆಯದು ಒಂದರ ವಿಷ, ಎರಡನೆಯದು ಇನ್ನೂ ಬರಲಿಕ್ಕಿರಬಹುದು.

ಹೀಗಾದಾಗ ಉಪ್ಪುನೀರು ಕುಡಿಸಿ ಕಕ್ಕಿಸುವುದು, ಭೇದಿ ನಿಲ್ಲಿಸುವ ಮಾತ್ರೆ ನುಂಗಿಸುವುದು ಬೇಡ. 108ಕ್ಕೆ ಕರೆ ಮಾಡಿ. ಉಂಡವರೆಲ್ಲರೂ ಹೋಗಬೇಕು, ಇನ್ನೂ ಏನೂ ಆಗದವರೂ ಕೂಡ. ಎತ್ತಿಟ್ಟ ಹಸಿ ಅಣಬೆ, ಉಳಿದ ಸಾರು, ಉಂಡ ಹೊತ್ತು, ಮೊದಲ ವಾಂತಿಯ ಹೊತ್ತು, ಯಾರು ಎಷ್ಟು ತಿಂದರು ಎಂಬುದನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿ. ಎರಡನೆಯ ದಿನ ಹಾಯೆನಿಸಿದರೂ ಯಕೃತ್ತಿನ ರಕ್ತಪರೀಕ್ಷೆ ಮತ್ತೊಮ್ಮೆ ಆಗದೆ ಮನೆಗೆ ಹೊರಡಬೇಡಿ.