140 ವ್ಯಾಟ್, ಮೂರು ಮೆಷಿನ್, ಒಂದು ಬಲ ಮಂಡಿ

ನಮ್ಮ ಮನೆಯಿಂದ ಕಾಫಿ ಒಣಗಿಸುವ ಕಣಕ್ಕೆ ಇಳಿಯಲು ಇಪ್ಪತ್ತೆರಡು ಮೆಟ್ಟಿಲು. ಹೋದ ವರ್ಷ ಮೇ ತಿಂಗಳಲ್ಲಿ ಹಾಕಿ ಆಡಿ ಬಂದ ಮರುದಿನ ಆ ಮೆಟ್ಟಿಲನ್ನು ಅಡ್ಡಡ್ಡಲಾಗಿ, ಏಡಿಯ ಹಾಗೆ ಇಳಿದೆ. ಹತ್ತುವಾಗ ಏನೂ ಇಲ್ಲ, ಇಳಿಯುವಾಗ ಮಾತ್ರ ಬಲ ಮಂಡಿಚಿಪ್ಪಿನ ಹಿಂದೆ ಮರಳು ಸಿಕ್ಕಿಕೊಂಡ ಹಾಗೆ. ಎಕ್ಸ್‌ರೇಯಲ್ಲಿ ಏನೂ ಕಾಣಲಿಲ್ಲ. ಮೈಸೂರಿನ ಫಿಸಿಯೋ ಒಬ್ಬರು ಕಾಲು ಮಡಿಸಿ, ಬಿಡಿಸಿ, ಕುರ್ಚಿಯಿಂದ ಏಳಿಸಿ ನೋಡಿ, ಚಿಪ್ಪು ತೊಡೆಮೂಳೆಯ ಮೇಲೆ ಒತ್ತಿ ಜಾರುವ ಜಾಗದಲ್ಲಿ ಕಿರಿಕಿರಿ ಇದೆ ಅಂದರು. "ಆಟ ಬಿಡೋದು ಬೇಡ. ಏನು ಮಾಡಿದರೂ ನೋವು ಹತ್ತಕ್ಕೆ ಮೂರು ದಾಟಬಾರದು, ಮಾರನೆ ಬೆಳಿಗ್ಗೆ ಹಿಂದಿನ ದಿನಕ್ಕಿಂತ ಜಾಸ್ತಿ ಆಗಿರಬಾರದು. ಇದೊಂದನ್ನು ಹಿಡಿದುಕೊಳ್ಳಿ."

ಜೂನ್ ಬಂತು. ಕೊಡಗಿನಲ್ಲಿ ಮಳೆ ಹಿಡಿದರೆ ಓಡುವ ಮಾತಿಲ್ಲ. ರಸ್ತೆ ಪಾಚಿ ಕಟ್ಟಿರುತ್ತದೆ, ತೋಟದೊಳಗೆ ಹೋದರೆ ಜಿಗಣೆ. ಹಾಗಾಗಿ ವಾರಕ್ಕೆ ನಾಲ್ಕು ದಿನ ಮಡಿಕೇರಿಯ ಜಿಮ್ ಒಂದಕ್ಕೆ ಹೋಗತೊಡಗಿದೆ. ಅಲ್ಲಿ ದಮ್ಮು ಕಟ್ಟಲು ಮೂರು ಮೆಷಿನ್: ತಿರುಗುವ ಮೆಟ್ಟಿಲಿನ ಸ್ಟೇರ್ ಕ್ಲೈಂಬರ್, ರೋಯಿಂಗ್ ಮೆಷಿನ್, ನಿಂತಲ್ಲೇ ತುಳಿಯುವ ಸೈಕಲ್. ಯಾವುದು ಮಂಡಿಗೆ ಒಳ್ಳೆಯದು ಎಂದು ಐವರನ್ನು ಕೇಳಿದರೆ ಐದು ಉತ್ತರ. ಕೊನೆಗೆ ನಾನೇ ಅಳೆದು ನೋಡೋಣ ಎಂದುಕೊಂಡೆ.

ಅಳೆಯಬೇಕಾದರೆ ಮೂರಕ್ಕೂ ಒಂದೇ ತಕ್ಕಡಿ ಬೇಕು. ಪರದೆಯ ಮೇಲೆ ಬರುವ ಕ್ಯಾಲೊರಿಯನ್ನು ನಾನು ನಂಬುವುದಿಲ್ಲ. ಅದು ಪ್ರತಿ ಮೆಷಿನ್ ತನ್ನದೇ ಸೂತ್ರದಲ್ಲಿ ಹೇಳುವ ಅಂದಾಜು. ವ್ಯಾಟ್ ಆದರೆ ಪರವಾಗಿಲ್ಲ. ಸ್ಟೇರ್ ಕ್ಲೈಂಬರ್‌ನದನ್ನು ನಾವೇ ಲೆಕ್ಕ ಹಾಕಬಹುದು. ನನ್ನ ತೂಕ 72 ಕಿಲೋ, ಆ ಮೆಷಿನ್ನಿನ ಮೆಟ್ಟಿಲು ಟೇಪ್ ಹಿಡಿದರೆ 20 ಸೆಂಟಿಮೀಟರ್ ಎತ್ತರ. ಸೆಕೆಂಡಿಗೆ ಒಂದು ಮೆಟ್ಟಿಲಿನಂತೆ ನಿಮಿಷಕ್ಕೆ 60 ಹತ್ತಿದರೆ, 72 × 9.8 × 0.2, ಸುಮಾರು 140 ವ್ಯಾಟ್. ರೋಯಿಂಗ್ ಮೆಷಿನ್ನಿನಲ್ಲಿ 500 ಮೀಟರಿಗೆ 2 ನಿಮಿಷ 16 ಸೆಕೆಂಡಿನ ವೇಗ ಇಟ್ಟುಕೊಂಡರೂ ಹೆಚ್ಚುಕಮ್ಮಿ ಅಷ್ಟೇ ಬರುತ್ತದೆ. ಸೈಕಲ್ ವ್ಯಾಟನ್ನು ನೇರವಾಗಿಯೇ ತೋರಿಸುತ್ತಿತ್ತು. ಮೂರರ ನಡುವೆ ಹತ್ತು ಹದಿನೈದು ವ್ಯಾಟ್ ಆಚೀಚೆ ಇರಬಹುದು, ಇರಲಿ.

ಹೀಗೆ 140 ವ್ಯಾಟಿನಲ್ಲಿ ಒಂದೊಂದರಲ್ಲೂ ಇಪ್ಪತ್ತು ನಿಮಿಷ, ನಡುವೆ ಎರಡೆರಡು ದಿನ ಬಿಟ್ಟು. ಎದೆಗೆ ಪಟ್ಟಿ ಕಟ್ಟಿ ಬಡಿತ ನೋಡಿದೆ. ಮಾಡುವಾಗ ಮಂಡಿ ನೋವು ಹತ್ತಕ್ಕೆ ಎಷ್ಟು, ಮಾರನೆ ಬೆಳಿಗ್ಗೆ ಕಾಫಿ ಕುಡಿಯುವ ಮೊದಲು ಆ ಇಪ್ಪತ್ತೆರಡು ಮೆಟ್ಟಿಲು ನೆಟ್ಟಗೆ ಇಳಿದಾಗ ಎಷ್ಟು, ಎರಡನ್ನೂ ತೋಟದ ಹಾಜರಿ ಪುಸ್ತಕದ ಹಿಂಬದಿಯಲ್ಲಿ ಬರೆದಿಟ್ಟೆ.

ಸ್ಟೇರ್ ಕ್ಲೈಂಬರ್‌ನಲ್ಲಿ ಮೊದಲ ದಿನ ಬಡಿತ 138 ದಾಟಲೇ ಇಲ್ಲ. ಭಾರಿ ಖುಷಿಯಾಯಿತು. ಆಮೇಲೆ ಪಕ್ಕದ ಕನ್ನಡಿಯಲ್ಲಿ ನನ್ನನ್ನೇ ನೋಡಿಕೊಂಡೆ: ಎರಡೂ ಕೈ ಕಂಬಿಯ ಮೇಲೆ, ಮೊಣಕೈ ನೆಟ್ಟಗೆ, ಬೆರಳ ಗೆಣ್ಣು ಬೆಳ್ಳಗೆ. ತೂಕದ ಒಂದು ಪಾಲನ್ನು ಕೈಯೇ ಹೊತ್ತಿತ್ತು. ಮೆಷಿನ್ನಿಗೆ ಅದು ಗೊತ್ತಾಗುವುದಿಲ್ಲ, ಅದು ಮೆಟ್ಟಿಲು ಎಣಿಸುತ್ತದೆ ಅಷ್ಟೆ. ಎರಡನೇ ಸಲ ಬೆರಳ ತುದಿ ಮಾತ್ರ ತಾಗಿಸಿಕೊಂಡು ಹತ್ತಿದೆ. ಬಡಿತ 152. ಮಂಡಿ ನೋವು ಮೂರು, ಮಾರನೆ ದಿನ ಮೆಟ್ಟಿಲಲ್ಲಿ ನಾಲ್ಕು. ಫಿಸಿಯೋ ಹಾಕಿದ ಗೆರೆ ದಾಟಿತ್ತು.

ಕಾರಣ ಕಷ್ಟದ್ದೇನಲ್ಲ. ಒಂದೊಂದು ಮೆಟ್ಟಿಲಿಗೂ ಇಡೀ ಮೈ ಒಂದೇ ಕಾಲಿನ ಮೇಲೆ, ಅದೂ ಮಡಿಸಿದ ಮಂಡಿಯ ಮೇಲೆ ಏಳಬೇಕು. ಮಂಡಿ ಬದಲಾಯಿಸಿಕೊಂಡವರ ಕೃತಕ ಕೀಲಿನೊಳಗೇ ಸೆನ್ಸರ್ ಇಟ್ಟು ಅಳೆದಿದ್ದಾರೆ: ಸಮತಟ್ಟಿನಲ್ಲಿ ನಡೆದರೆ ಕೀಲಿನ ಮೇಲೆ ಮೈತೂಕದ ಎರಡೂವರೆ ಪಟ್ಟು, ಮೆಟ್ಟಿಲು ಹತ್ತಿದರೆ ಮೂರು ಪಟ್ಟು, ಇಳಿದರೆ ಮೂರೂವರೆಯ ಹತ್ತಿರ. ಹದವಾಗಿ ಸೈಕಲ್ ತುಳಿದರೆ ಸುಮಾರು ಮೈತೂಕದಷ್ಟೇ, ಸ್ವಲ್ಪ ಹೆಚ್ಚು. ಇದು ತೊಡೆಮೂಳೆ ಮತ್ತು ಮಂಡಿಯ ಕೆಳಗಿನ ಮೂಳೆ ಕೂಡುವಲ್ಲಿನ ಲೆಕ್ಕ, ನನ್ನ ತೊಂದರೆ ಇರುವ ಚಿಪ್ಪಿನದಲ್ಲ. ಚಿಪ್ಪಿಗೆ ಭಾರದಷ್ಟೇ ಮಡಿಕೆಯೂ ಮುಖ್ಯ: ಮಂಡಿ ಹೆಚ್ಚು ಮಡಿಸಿಕೊಂಡು ಬಲ ಹಾಕಿದಷ್ಟೂ ಚಿಪ್ಪು ಒಳಕ್ಕೆ ಒತ್ತುತ್ತದೆ.

ಅದು ತಿಳಿಯದೆ ಸೈಕಲ್ಲಿನಲ್ಲಿ ಎಡವಿದೆ. ಭಾರವೇ ಇಲ್ಲದ ಮೆಷಿನ್ ಅಂತ ನೆಮ್ಮದಿಯಿಂದ ಹತ್ತಿ ಕೂತರೆ, ಹತ್ತನೇ ನಿಮಿಷಕ್ಕೆ ನೋವು ನಾಲ್ಕು! ಸ್ಟೇರ್ ಕ್ಲೈಂಬರ್‌ಗಿಂತ ಜಾಸ್ತಿ. ನನಗಿಂತ ಮುಂಚೆ ತುಳಿದವರು ಗಿಡ್ಡ, ಸೀಟು ಅವರ ಎತ್ತರಕ್ಕಿತ್ತು. ಪೆಡಲ್ ಮೇಲಕ್ಕೆ ಬಂದಾಗ ನನ್ನ ಮಂಡಿ ಎದೆಯ ಕಡೆಗೆ ಬರುತ್ತಿತ್ತು, ಅಷ್ಟು ಮಡಿಸಿಕೊಂಡೇ ಒತ್ತುತ್ತಿದ್ದೆ. ಮಂಡಿಯ ಮುಂಭಾಗ ನೋಯುವವರಿಗೆ ತಗ್ಗಿದ ಸೀಟಿನಂಥ ಶತ್ರು ಇನ್ನೊಂದಿಲ್ಲ. ಸರಿಮಾಡುವುದು ಸುಲಭ. ಸೀಟಿನಲ್ಲಿ ನೆಟ್ಟಗೆ ಕೂತು, ಪೆಡಲ್ ತೀರಾ ಕೆಳಗಿರುವಾಗ ಹಿಮ್ಮಡಿಯನ್ನು ಅದರ ಮೇಲಿಡಬೇಕು. ಆಗ ಕಾಲು ಪೂರ್ತಿ ನೆಟ್ಟಗಾಗಬೇಕು. ಆಮೇಲೆ ಎಂದಿನಂತೆ ಪಾದದ ಮುಂಭಾಗದಿಂದ ತುಳಿದರೆ ಕೆಳಗೆ ಬಂದಾಗ ಮಂಡಿಯಲ್ಲಿ ಸಣ್ಣ ಮಡಿಕೆ ಉಳಿಯುತ್ತದೆ, ಅಷ್ಟು ಸಾಕು. ಸೀಟು ಅತಿಯಾಗಿ ಎತ್ತರವಾದರೂ ಗೊತ್ತಾಗುತ್ತದೆ: ತುಳಿದಂತೆಲ್ಲ ಸೊಂಟ ಅತ್ತಿತ್ತ ತೂಗಾಡುತ್ತದೆ, ಮಂಡಿಯ ಹಿಂದೆ ಎಳೆಯುತ್ತದೆ. ನನಗೆ ಎರಡು ತೂತು ಮೇಲೆ ಬೇಕಾಯಿತು.

ಇನ್ನೊಂದು ತಪ್ಪೂ ಇತ್ತು. ಬಿಗಿ ಹೆಚ್ಚಿಟ್ಟು, ನಿಮಿಷಕ್ಕೆ 55 ಸುತ್ತು ಜಗ್ಗಿ ಜಗ್ಗಿ ತುಳಿಯುತ್ತಿದ್ದೆ. ಅದೇ 140 ವ್ಯಾಟನ್ನು 85 ಸುತ್ತಿನಲ್ಲಿ ತೆಗೆದರೆ ಒಂದೊಂದು ತುಳಿತಕ್ಕೆ ಬೇಕಾದ ಬಲ ಮೂರನೇ ಒಂದು ಪಾಲು ಇಳಿಯುತ್ತದೆ. ಬೈಕಿನಲ್ಲಿ ಏರು ಬಂದಾಗ ಗೇರ್ ಇಳಿಸದೆ ಎಳೆಸಿದರೆ ಎಂಜಿನ್ ಗುಡುಗುತ್ತದಲ್ಲ, ಹಾಗೆ. ಸೀಟು ಏರಿಸಿ, ಬಿಗಿ ಇಳಿಸಿದ ಮೇಲೆ ಮಾಡುವಾಗಿನ ನೋವು ಒಂದು, ಮಾರನೆ ದಿನ ಒಂದು. ಬಡಿತ 140.

ಆ 140 ಬಡಿತದಲ್ಲೇ ಸೈಕಲ್ಲಿನ ಕೊರತೆಯೂ ಇದೆ. ಕೆಲಸವೆಲ್ಲ ಕೂತಲ್ಲಿ, ತೊಡೆಯದೇ. ಮೈಯನ್ನು ಹೊರುವುದಿಲ್ಲ, ಕೈಬೆನ್ನಿಗೆ ಕೆಲಸವಿಲ್ಲ. ಹೃದಯಕ್ಕೆ ಸಾಕಾಗುವ ಮೊದಲೇ ತೊಡೆ ಉರಿಯುತ್ತದೆ. ಸ್ಟೇರ್ ಕ್ಲೈಂಬರ್‌ನ 152 ಬಡಿತ ಸೈಕಲ್ಲಿನಲ್ಲಿ ಬೇಕೆಂದರೆ ನಾನು 165 ವ್ಯಾಟ್ ತುಳಿಯಬೇಕಾಯಿತು. ತುಳಿದೆ. ಸುತ್ತು 85ಕ್ಕಿಂತ ಕೆಳಗೆ ಬಿಡದಿದ್ದರೆ ಮಂಡಿ ಎರಡು ದಾಟಲಿಲ್ಲ, ಬೆಳಿಗ್ಗೆ ಮತ್ತೆ ಒಂದು. ನನಗೆ ನಿಜವಾಗಿ ಬೇಕಿದ್ದ ಉತ್ತರ ಇದು. ಒಂದೇ ವ್ಯಾಟಿನಲ್ಲಿ ಹೋಲಿಸಿದರೆ ಸೈಕಲ್ ಹಗುರ ಅನ್ನಿಸುತ್ತದೆ. ಒಂದೇ ಬಡಿತದಲ್ಲಿ ಹೋಲಿಸಿದರೆ ಮಾತ್ರ, ಅಷ್ಟೇ ದಮ್ಮಿಗೆ ಯಾವುದು ಮಂಡಿಯಿಂದ ಎಷ್ಟು ಕೀಳುತ್ತದೆ ಎಂಬುದು ಕಾಣುತ್ತದೆ.

ರೋಯಿಂಗ್ ಮೆಷಿನ್ನಿನ ಕತೆ ಬೇರೆ. ಅದರಲ್ಲಿ ಪಕ್ಕದಲ್ಲೊಂದು ಸಣ್ಣ ಹಿಡಿಕೆ, 1ರಿಂದ 10ರವರೆಗೆ. ಡ್ಯಾಂಪರ್ ಅನ್ನುತ್ತಾರೆ. ಜಿಮ್ಮಿನ ಹುಡುಗ ಅದನ್ನು ಹತ್ತಕ್ಕೆ ತಳ್ಳಿ, "ಫುಲ್ ಇಟ್ಟಿದೀನಿ ಅಣ್ಣ, ಒಳ್ಳೇ ವರ್ಕೌಟ್ ಆಗುತ್ತೆ" ಅಂದ. ಡ್ಯಾಂಪರ್ ಶ್ರಮದ ಮಟ್ಟವಲ್ಲ. ಫ್ಯಾನಿನ ಗೂಡಿಗೆ ಎಷ್ಟು ಗಾಳಿ ಬಿಡಬೇಕೆಂದು ಹೇಳುತ್ತದೆ ಅಷ್ಟೆ. ಹೆಚ್ಚು ಗಾಳಿ ಬಿಟ್ಟರೆ ಫ್ಯಾನು ಬೇಗ ನಿಧಾನವಾಗುತ್ತದೆ, ಪ್ರತಿ ಎಳೆತದ ಶುರುವಿನಲ್ಲೂ ಭಾರ ಹಿಡಿದು ಎತ್ತಿದ ಹಾಗಿರುತ್ತದೆ. ಮೂರು ಐದರ ನಡುವೆ ಇಟ್ಟು ಕಾಲು ಜೋರಾಗಿ ಒದ್ದರೂ ಬೇಕಾದಷ್ಟು ವ್ಯಾಟ್ ಬರುತ್ತದೆ.

ಆವತ್ತು ನನಗೆ ಅದು ಗೊತ್ತಿರಲಿಲ್ಲ. ಹತ್ತರಲ್ಲೇ ಎಳೆದೆ. ಮಂಡಿಗೆ ಎರಡೇ, ಬಡಿತ 155, ಇದೇ ಸರಿ ಅನ್ನಿಸಿತು. ಹದಿನೈದನೇ ನಿಮಿಷದ ಹೊತ್ತಿಗೆ ಸುಸ್ತಾಗಿ ಬೆನ್ನು ಬಿಲ್ಲಿನ ಹಾಗೆ ಬಾಗಿತ್ತು, ಕಾಲು ಒದೆಯುವ ಮೊದಲೇ ಸೊಂಟದಿಂದ ಹಿಂದಕ್ಕೆ ಜಗ್ಗುತ್ತಿದ್ದೆ. ಮಾರನೆ ಬೆಳಿಗ್ಗೆ ಇಪ್ಪತ್ತೆರಡು ಮೆಟ್ಟಿಲು ಸಲೀಸು. ಬೂಟಿಗೆ ದಾರ ಕಟ್ಟಲು ಬಗ್ಗಿದರೆ ಆಗಲಿಲ್ಲ. ಮಂಡಿಯ ಸಾಲವನ್ನು ಸೊಂಟದ ಖಾತೆಗೆ ಹಾಕಿದ್ದೆ. ಮೂರು ದಿನ ತೋಟಕ್ಕೆ ಹೋಗಲಿಲ್ಲ. "ಮಂಡಿ ರಿಪೇರಿಗೆ ಹೋಗಿ ಬೆನ್ನು ಕೊಟ್ಟು ಬಂದ್ರಾ?" ಅಂದಳು ಹೆಂಡತಿ, ಬಿಸಿನೀರಿನ ಚೀಲ ಕೊಡುತ್ತಾ.

ವಾರ ಬಿಟ್ಟು ಮತ್ತೆ ಕೂತಾಗ ಕ್ರಮ ಬದಲಾಯಿಸಿದೆ. ಡ್ಯಾಂಪರ್ ನಾಲ್ಕು, ನಿಮಿಷಕ್ಕೆ 22 ಎಳೆತ. ಮೊದಲು ಕಾಲು ಒದೆಯುವುದು, ಮಂಡಿ ಹೆಚ್ಚುಕಮ್ಮಿ ನೆಟ್ಟಗಾದ ಮೇಲೆ ಸೊಂಟದಿಂದ ಹಿಂದಕ್ಕೆ ವಾಲುವುದು, ಕೊನೆಗೆ ಕೈ ಎಳೆಯುವುದು. ವಾಪಸ್ ಬರುವಾಗ ಇದೇ ತಿರುಗುಮುರುಗು: ಕೈ, ಸೊಂಟ, ಮಂಡಿ. ಬರುವುದಕ್ಕೆ ಹೋಗುವುದರ ಎರಡರಷ್ಟು ಹೊತ್ತು. ಮುಂದೆ ಬಂದಾಗ ಮಂಡಿಯ ಕೆಳಗಿನ ಕಾಲು ನೆಲಕ್ಕೆ ಲಂಬವಾದಲ್ಲಿ ನಿಲ್ಲಿಸಿದೆ. ಅದಕ್ಕಿಂತ ಮುಂದೆ ಜಾರಿದರೆ ಹಿಮ್ಮಡಿ ಏಳುತ್ತದೆ, ಮಂಡಿ ತೀರಾ ಮಡಿಯುತ್ತದೆ, ಚಿಪ್ಪಿಗೆ ಮತ್ತೆ ಅದೇ ಪಾಡು. ನಾಲ್ಕು ಬೆರಳು ಮೊದಲೇ ನಿಲ್ಲಿಸಿದ್ದರಿಂದ ಮಂಡಿ ಎರಡರಿಂದ ಒಂದಕ್ಕೆ ಇಳಿಯಿತು. 140 ವ್ಯಾಟಿಗೆ ಬಡಿತ 151, ಸೈಕಲ್ಲಿಗಿಂತ ಹನ್ನೊಂದು ಜಾಸ್ತಿ. ಕೈ ಬೆನ್ನು ಎಲ್ಲ ದುಡಿಯುತ್ತವೆ, ಜೊತೆಗೆ ನಮ್ಮ ಮೈಯನ್ನೇ ಹಿಂದೆ ಮುಂದೆ ಸಾಗಿಸುವ ಶ್ರಮವನ್ನು ಪರದೆ ಲೆಕ್ಕಕ್ಕೆ ಹಿಡಿಯುವುದಿಲ್ಲ. ಒಂದೇ ಸಮನೆ ಇಪ್ಪತ್ತು ನಿಮಿಷ ಎಳೆಯುವುದನ್ನು ಬಿಟ್ಟೆ. ಐದೈದು ನಿಮಿಷದ ನಾಲ್ಕು ಸುತ್ತು, ನಡುವೆ ಒಂದು ನಿಮಿಷ ಎದ್ದು ನಿಲ್ಲುವುದು. ಬೆನ್ನು ಬಾಗತೊಡಗಿದರೆ ಆ ಸುತ್ತು ಅಲ್ಲಿಗೆ ಮುಗಿಯಿತು, ಗಡಿಯಾರ ಏನೇ ಹೇಳಲಿ.

ಮಳೆ ಮುಗಿಯುವವರೆಗೆ ವಾರದಲ್ಲಿ ಎರಡು ದಿನ ಸೈಕಲ್, ಒಂದು ದಿನ ರೋಯಿಂಗ್, ಗುರುವಾರ ಹನ್ನೆರಡು ನಿಮಿಷ ಮಾತ್ರ ಸ್ಟೇರ್ ಕ್ಲೈಂಬರ್. ಅದನ್ನು ಪೂರ್ತಿ ಬಿಡಲಿಲ್ಲ. ನಮ್ಮ ತೋಟವೇ ಇಳಿಜಾರು, ದಿನವೂ ಹತ್ತಬೇಕಾದದ್ದನ್ನು ಮಂಡಿಗೆ ಮರೆಸಿ ಏನು ಪ್ರಯೋಜನ?

ಆದರೆ ಈ ಮೂರರಲ್ಲಿ ಯಾವುದೂ ಕಲಿಸದ ಒಂದಿದೆ, ಅದು ನನಗೆ ಕುಯ್ಲಿನ ಸಮಯದಲ್ಲಿ ಅರಿವಾಯಿತು. ಡಿಸೆಂಬರಿನಲ್ಲಿ ಕೆಳಗಿನ ಬ್ಲಾಕಿಗೆ ದಿನಕ್ಕೆ ನಾಲ್ಕು ಸಲ ಇಳಿದು ಹತ್ತಿದೆ. ದಮ್ಮು ಚೆನ್ನಾಗಿತ್ತು, ಮಂಡಿ ಮಾತ್ರ ಮೂರನೇ ದಿನ ನಾಲ್ಕಕ್ಕೆ ಹೋಯಿತು. ಸ್ಟೇರ್ ಕ್ಲೈಂಬರ್ ಎಷ್ಟು ಹೊತ್ತು ಹತ್ತಿಸಿದರೂ ಒಂದು ಮೆಟ್ಟಿಲು ಇಳಿಸುವುದಿಲ್ಲ. ಇಳಿಯುವಾಗ ತೊಡೆಯ ಸ್ನಾಯು ಉದ್ದವಾಗುತ್ತಲೇ ಭಾರ ತಡೆಯಬೇಕು, ಆ ಅಭ್ಯಾಸ ಮೂರರಲ್ಲೂ ಇಲ್ಲ. ಅದಕ್ಕೆ ಜಗಲಿಯ ಕೊನೆಯ ಮೆಟ್ಟಿಲನ್ನೇ ಹಿಡಿದೆ: ಒಂದು ಕಾಲಿನಲ್ಲಿ ನಿಂತು, ಮೂರು ಎಣಿಸುತ್ತಾ ಇನ್ನೊಂದು ಹಿಮ್ಮಡಿಯನ್ನು ನೆಲಕ್ಕೆ ಮುಟ್ಟಿಸುವುದು. ಒಂದೊಂದು ಕಾಲಿಗೆ ಎಂಟು, ಎರಡು ಸುತ್ತು, ದಿನ ಬಿಟ್ಟು ದಿನ. ಮಂಡಿ ಒಳಕ್ಕೆ ವಾಲಿದರೆ ಆ ಎಣಿಕೆ ಲೆಕ್ಕಕ್ಕಿಲ್ಲ.

ಏಪ್ರಿಲ್‌ನಲ್ಲಿ ಮತ್ತೆ ಆಡಿದೆ, ಪೂರ್ತಿ ಹೊತ್ತಲ್ಲ, ಅರ್ಧ. ಮಾರನೆ ಬೆಳಿಗ್ಗೆ ಕಣದ ಮೆಟ್ಟಿಲಲ್ಲಿ ಎರಡು. ಈಗ ಮತ್ತೆ ಮಳೆ ಹಿಡಿದಿದೆ. ಜಿಮ್ಮಿನ ಹುಡುಗ ಇವತ್ತಿಗೂ ಡ್ಯಾಂಪರನ್ನು ಹತ್ತಕ್ಕೇ ತಳ್ಳಿಡುತ್ತಾನೆ. ನಾನು ಕೂರುವ ಮೊದಲು ಬಗ್ಗಿ ನಾಲ್ಕಕ್ಕೆ ಎಳೆದುಕೊಳ್ಳುತ್ತೇನೆ, ಪಕ್ಕದ ಸೈಕಲ್ಲಿನ ಸೀಟನ್ನೂ ಎರಡು ತೂತು ಏರಿಸಿಟ್ಟೇ ಶುರುಮಾಡುತ್ತೇನೆ.