ಬೇಲಿಗೆ ಮೊದಲು ಮೂಲೆ ಹುಡುಕಿದ್ದು: ಜಿಪಿಎಸ್ ಎಲ್ಲಿಯವರೆಗೆ, ಟೇಪು ಎಲ್ಲಿಂದ

ಪರ್ಕಳದ ಹತ್ತಿರ ನಮ್ಮದೊಂದು 24 ಸೆಂಟ್ಸ್ ಗುಡ್ಡೆ ಜಾಗ ಇದೆ. ಹಿಂದೆ ಅಳತೆ ಮಾಡಿಸಿದಾಗ ನಾಲ್ಕೂ ಮೂಲೆಗೆ ಕಲ್ಲು ಹಾಕಿದ್ದರು, ಮೂಲೆಗಳ ಕೋಆರ್ಡಿನೇಟ್ ಬರೆದ ಹಾಳೆಯನ್ನೂ ಸರ್ವೇಯರ್ ಕೊಟ್ಟಿದ್ದರು. ಆಮೇಲೆ ಕಾಡು ಬೆಳೆದು, ರಸ್ತೆ ಬದಿಯ ಒಂದು ಕಲ್ಲು ಬಿಟ್ಟರೆ ಬೇರೆ ಯಾವುದೂ ಕಾಣುತ್ತಿರಲಿಲ್ಲ. ಬೇಲಿ ಹಾಕಲು ಹೊರಟಾಗ ಕೈಯಲ್ಲಿ ಹಿಡಿಯುವ ಜಿಪಿಎಸ್ ತಂದೆ.

ಈ ಯಂತ್ರ ಬಯಲಿನಲ್ಲಿ ನಿಂತರೂ ಮೂರರಿಂದ ಐದು ಮೀಟರ್ ಆಚೀಚೆ ತೋರಿಸುತ್ತದೆ. ನಮ್ಮ ಜಾಗದ ಒಂದು ಬದಿ ಸುಮಾರು 30 ಮೀಟರ್. ಮೂರು ಮೀಟರ್ ಪಕ್ಕಕ್ಕೆ ಬೇಲಿ ಸರಿದರೆ ಅಲ್ಲೇ ಎರಡು ಸೆಂಟ್ಸ್‌ಗಿಂತ ಹೆಚ್ಚು ಹೋಯಿತು. ಹಾಗಾಗಿ ಯಂತ್ರ ತೋರಿಸಿದಲ್ಲಿ ಕಂಬದ ಗುಂಡಿ ತೋಡುವುದಲ್ಲ, ಅದು ತೋರಿಸಿದ ಸುತ್ತಿನಲ್ಲಿ ಕಲ್ಲು ಹುಡುಕುವುದು ಎಂದು ಮೊದಲೇ ನಿಶ್ಚಯಿಸಿದ್ದೆ.

ಹಾಳೆಯಲ್ಲಿದ್ದದ್ದು ಯುಟಿಎಂ ಅಂಕೆಗಳು, ಅಂದರೆ ಅಕ್ಷಾಂಶ-ರೇಖಾಂಶದ ಬದಲು ಪೂರ್ವಕ್ಕೆ ಎಷ್ಟು, ಉತ್ತರಕ್ಕೆ ಎಷ್ಟು ಎಂದು ಜಾಗ ಹೇಳುವ ಅಂಕೆಗಳು. ಯಂತ್ರದ ಸೆಟ್ಟಿಂಗ್‌ನಲ್ಲಿ ಅಂಕೆಯ ರೂಪಕ್ಕೆ UTM UPS, ಡೇಟಂಗೆ, ಅಂದರೆ ಅಂಕೆ ಎಣಿಸಲು ಆಧಾರವಾದ ಭೂಮಿಯ ಮಾದರಿಗೆ, WGS 84 ಇಟ್ಟುಕೊಂಡೆ. ನಮ್ಮ ಕರಾವಳಿಗೆ ವಲಯ 43. ಪರದೆಯಲ್ಲಿ 43 P ಎಂದು ಬರುತ್ತದೆ. ಹಳೆಯ ಭಾರತೀಯ ಡೇಟಂ ಆಯ್ಕೆಯಾಗಿದ್ದರೆ ಬಿಂದು ನೂರಾರು ಮೀಟರ್ ದೂರ ಬೀಳಬಹುದು. ಯುಟಿಎಂನ ದೊಡ್ಡ ಅನುಕೂಲವೆಂದರೆ ಲೆಕ್ಕ ನೇರವಾಗಿ ಮೀಟರಿನಲ್ಲೇ ಇರುವುದು. ಕೊನೆಯ ಮೂರು ಅಂಕೆ ಮಾತ್ರ ಹೇಳುವುದಾದರೆ, ನಮ್ಮ ಮೂಲೆಗಳು ಪೂರ್ವ–ಉತ್ತರ ಕ್ರಮದಲ್ಲಿ ಹೀಗಿದ್ದವು: ನೈಋತ್ಯ 412–230, ಆಗ್ನೇಯ 442–234, ಈಶಾನ್ಯ 438–266, ವಾಯವ್ಯ 408–262. ಅಂಕೆ ಕಳೆದು, ವರ್ಗ ಮಾಡಿ ಕೂಡಿಸಿ, ವರ್ಗಮೂಲ ತೆಗೆದರೆ ಬದಿಗಳು 30.27 ಮತ್ತು 32.25 ಮೀಟರ್. ಆಗ್ನೇಯದಿಂದ ವಾಯವ್ಯಕ್ಕೆ ಕರ್ಣ 44.05. ಇದನ್ನು ಮನೆಯಲ್ಲೇ ಕೂತು ಬರೆದುಕೊಂಡೆ.

ರಸ್ತೆ ಬದಿಯ ಆ ಕಲ್ಲು ಆಗ್ನೇಯ ಮೂಲೆಯದು, ನೆರೆಯ ಶೆಟ್ರೂ ಒಪ್ಪಿದ ಕಲ್ಲು. ಯಂತ್ರವನ್ನು ಅದರ ಮೇಲಿಟ್ಟು ಸರಾಸರಿ ತೆಗೆಯುವ ಆಯ್ಕೆ ಒತ್ತಿ ಹತ್ತು ನಿಮಿಷ ಬಿಟ್ಟೆ. 442–234 ಬರಬೇಕಾದಲ್ಲಿ 445–231 ಬಂತು: ಪೂರ್ವಕ್ಕೆ ಮೂರು, ದಕ್ಷಿಣಕ್ಕೆ ಮೂರು ಮೀಟರ್ ವ್ಯತ್ಯಾಸ. ಒಂದೇ ಹೊತ್ತಿನಲ್ಲಿ, ಹತ್ತಿರ ಹತ್ತಿರದ ಜಾಗಗಳಲ್ಲಿ ಈ ದೋಷದ ದೊಡ್ಡ ಪಾಲು ಒಂದೇ ದಿಕ್ಕಿಗಿರುತ್ತದೆ. ಆದ್ದರಿಂದ ವಾಯವ್ಯಕ್ಕೆ 408–262ರ ಬದಲು ಪರದೆಯಲ್ಲಿ 411–259 ಬರುವ ಜಾಗ ಹುಡುಕಿದೆ. ಕೊನೆಯ ನಾಲ್ಕೈದು ಮೀಟರಿನಲ್ಲಿ ದಾರಿ ತೋರುವ ಬಾಣ ಸುಮ್ಮನೆ ಸುತ್ತುತ್ತದೆ, ಅದನ್ನು ಬಿಟ್ಟು ಅಂಕೆ ಮಾತ್ರ ನೋಡಬೇಕು. ಅಲ್ಲಿ ಪೊದೆ ಸವರಿದಾಗ ಒಂದೂವರೆ ಮೀಟರ್ ಆಚೆ ಕಲ್ಲು ಸಿಕ್ಕಿತು. ನೈಋತ್ಯದ್ದೂ ಹೀಗೇ ಮಣ್ಣಿನಡಿ ಸಿಕ್ಕಿತು. ವಾಪಸು ಬಂದು ರಸ್ತೆಯ ಕಲ್ಲಿನ ಮೇಲಿಟ್ಟಾಗ 444–232 ಇತ್ತು. ಅಷ್ಟು ಹೊತ್ತಿನಲ್ಲೇ ದೋಷ ಸುಮಾರು ಒಂದೂವರೆ ಮೀಟರ್ ಸರಿದಿತ್ತು. ಅದಕ್ಕೇ ಪ್ರತಿ ಮೂಲೆಯ ನಂತರ ಗೊತ್ತಿರುವ ಕಲ್ಲಿಗೆ ಮರಳಿ ನೋಡುವುದು ಒಳ್ಳೆಯದು.

ತೊಡಕಾದದ್ದು ಈಶಾನ್ಯದಲ್ಲಿ. ಅಲ್ಲೊಂದು ದೊಡ್ಡ ಹಲಸಿನ ಮರ, ಪಕ್ಕದಲ್ಲೇ ಕೆಂಪುಕಲ್ಲಿನ ಎತ್ತರದ ಕಟ್ಟೆ. ಸಿಗ್ನಲ್ ಎಲೆಯಲ್ಲಿ ಕುಂದುತ್ತದೆ, ಕಲ್ಲಿಗೆ ಬಡಿದು ಬಳಸಿ ಬರುತ್ತದೆ. ಬಯಲಲ್ಲಿ 3 ಮೀಟರ್ ಎಂದಿದ್ದ ನಿಖರತೆ ಇಲ್ಲಿ 7ಕ್ಕೇರಿತು, ನಿಂತಲ್ಲೇ ಅಂಕೆ ಓಡುತ್ತಿತ್ತು. ರಸ್ತೆ ಕಲ್ಲಿನ ವ್ಯತ್ಯಾಸವನ್ನು ಇಂಥ ಕಡೆ ನಂಬಲಾಗದು, ಏಕೆಂದರೆ ಈ ದೋಷ ಆ ಮರದಡಿಯದ್ದೇ. ಎಷ್ಟು ಅಗೆದರೂ ಕಲ್ಲು ಇಲ್ಲ.

ಆಗ 50 ಮೀಟರಿನ ಟೇಪು ತೆಗೆದೆವು. ಮೊದಲು ಸಿಕ್ಕಿದ ಮೂರು ಕಲ್ಲುಗಳನ್ನು ಪರೀಕ್ಷಿಸಬೇಕು: ಎರಡು ಬದಿಯೂ ಕರ್ಣವೂ ಲೆಕ್ಕಕ್ಕೆ ಒಂದೆರಡು ಇಂಚಿನೊಳಗೆ ಕೂಡಿದವು, ಅಂದರೆ ಕಲ್ಲುಗಳು ಅಲುಗಿಲ್ಲ. ಇಳಿಜಾರಿನಲ್ಲಿ ಟೇಪು ನೆಲದ ಮೇಲೆ ಮಲಗಿಸಬಾರದು. ನಕ್ಷೆಯ ಅಳತೆ ಮಟ್ಟದ ಅಳತೆ. 30 ಮೀಟರಿಗೆ ನಾಲ್ಕು ಮೀಟರ್ ಇಳಿದರೆ ನೆಲದ ಮೇಲೆ 30.27 ಬರುತ್ತದೆ. ನಾವು ತುಂಡು ತುಂಡಾಗಿ ಟೇಪು ಮಟ್ಟ ಹಿಡಿದು, ತೂಕದ ಗುಂಡು ಇಳಿಸಿ ಅಳೆದೆವು. ಬಳಿಕ ರಸ್ತೆ ಕಲ್ಲಿನಿಂದ 32.25, ವಾಯವ್ಯದ ಕಲ್ಲಿನಿಂದ 30.27 ಹಿಡಿದು ಎರಡೂ ಸೇರುವಲ್ಲಿ ಗೂಟ ಹೊಡೆದೆ. ಜಿಪಿಎಸ್ ತೋರಿಸಿದ್ದು ಅಲ್ಲಿಂದ ಎರಡೂವರೆ ಮೀಟರ್ ಹೊರಗೆ, ಶೆಟ್ರ ಜಾಗದೊಳಗೆ.

ಶೆಟ್ರು ಗೂಟ ನೋಡಿ, "ಸರಿ ಕಾಣ್ತದೆ ಮಾರಾಯ್ರೆ, ಆದ್ರೂ ಸರ್ವೇಯರ್ ಒಮ್ಮೆ ಬರಲಿ" ಎಂದರು. ನನಗೂ ಅದೇ ಬೇಕಿತ್ತು. ಗೂಟ ನನ್ನ ಲೆಕ್ಕ ಅಷ್ಟೆ, ಗಡಿಕಲ್ಲಲ್ಲ. ಹದ್ದುಬಸ್ತಿಗೆ ಅರ್ಜಿ ಹಾಕಿ, ದಕ್ಷಿಣ ಮತ್ತು ಪಶ್ಚಿಮದ ಕಂಬಗಳನ್ನು ಮಾತ್ರ ನೆಡಿಸಿದೆ. ಈಶಾನ್ಯಕ್ಕೆ ತಾಗುವ ಎರಡು ಬದಿ ಸರ್ವೇಯರ್ ಬಂದು ಕಲ್ಲು ಹಾಕುವವರೆಗೆ ತೆರೆದೇ ಇರುತ್ತದೆ.